ಚೀಟ್ ಮೀಲ್, ರೀಫೀಡ್, ದಿನದ ಸಡಿಲು: ಮರುದಿನ ಬೆಳಗ್ಗೆ ಯಾವುದು ಹೇಗಿರುತ್ತದೆ?

ತೂಕ ಇಳಿಸುವಾಗ ನಡುನಡುವೆ ಸ್ವಲ್ಪ ಸಡಿಲ ಬಿಡಬೇಕು ಅನ್ನುವುದನ್ನು ಬಹಳ ಜನ ಒಪ್ಪುತ್ತಾರೆ. ಹೇಗೆ ಬಿಡಬೇಕು ಅನ್ನುವುದರಲ್ಲೇ ಜಗಳ. ವಾರಕ್ಕೊಮ್ಮೆ ಮನಸ್ಸಿಗೆ ಬಂದದ್ದನ್ನು ತಿನ್ನುವ ಚೀಟ್ ಮೀಲ್ ಒಂದು ದಾರಿ. ವಾರದಲ್ಲಿ ಒಂದೆರಡು ದಿನ ಲೆಕ್ಕ ಹಾಕಿ ಊಟ ಹೆಚ್ಚಿಸುವ ರೀಫೀಡ್ ಇನ್ನೊಂದು. ದಿನದ ಲೆಕ್ಕದಲ್ಲೇ ಇಷ್ಟದ ತಿಂಡಿಗೆ ಜಾಗ ಇಟ್ಟುಕೊಳ್ಳುವುದು ಮೂರನೆಯದು. ನಾನು ಮೂರನ್ನೂ ತಿಂಗಳುಗಟ್ಟಲೆ ಮಾಡಿ ನೋಡಿದ್ದೇನೆ. ತಿನ್ನುವ ಹೊತ್ತಿನಲ್ಲಿ ಮೂರೂ ಖುಷಿಯೇ. ವ್ಯತ್ಯಾಸ ಗೊತ್ತಾಗುವುದು ಮರುದಿನ ಬೆಳಗ್ಗೆ. ಎದ್ದ ಮೇಲೆ ಮಾಮೂಲಿ ತಿಂಡಿ ತಿಂತೀರಾ, ಅಥವಾ ನಿನ್ನೆಯದನ್ನು ಸರಿಮಾಡೋಣ ಅಂತ ತಿಂಡಿ ಬಿಡ್ತೀರಾ? ನಾನು ಹೋಲಿಸಿದ್ದು ಈ ಒಂದು ಅಳತೆಯಲ್ಲಿ.

ಲೆಕ್ಕಕ್ಕೆ ಒಬ್ಬರನ್ನು ಇಟ್ಟುಕೊಳ್ಳೋಣ. ಅವರ ತೂಕ ಏರದೆ ಇಳಿಯದೆ ನಿಲ್ಲಲು ದಿನಕ್ಕೆ 2200 ಕ್ಯಾಲೊರಿ ಬೇಕು. ಅವರು 1800 ತಿನ್ನುತ್ತಿದ್ದಾರೆ. ದಿನಕ್ಕೆ 400 ಕೊರತೆ, ವಾರಕ್ಕೆ 2800. ಅತಿಯೇನಲ್ಲ, ತಡೆದುಕೊಳ್ಳುವಷ್ಟು ಇದೆ.

ಮೊದಲು ಚೀಟ್ ಮೀಲ್. ಇದರಲ್ಲಿ ಒಂದು ಹೊತ್ತಿಗೆ ಮಿತಿಯೇ ಇರುವುದಿಲ್ಲ, ಅದೇ ಇದರ ಆಕರ್ಷಣೆ. ಆದರೆ ತೊಂದರೆ ಆ ಹೊತ್ತಿಗೆ ಮುಂಚೆಯೇ ಶುರುವಾಗುತ್ತದೆ. ರಾತ್ರಿ ಜಾಸ್ತಿ ತಿನ್ನುವುದಿದೆ ಅಂತ ಬೆಳಗಿನ ತಿಂಡಿ ಬಿಡುತ್ತಾರೆ. ಮಧ್ಯಾಹ್ನ ಎರಡು ತುತ್ತು ತಿಂದು ಏಳುತ್ತಾರೆ. ರಾತ್ರಿ ತಟ್ಟೆಯ ಮುಂದೆ ಕೂರುವಾಗ ಇಡೀ ದಿನದ ಹಸಿವು ಜೊತೆಗಿರುತ್ತದೆ. ಅಷ್ಟು ಹಸಿದಾಗ ಸಾಕು ಅನ್ನುವುದು ಹೊಟ್ಟೆಗೆ ತಡವಾಗಿ ತಿಳಿಯುತ್ತದೆ. ನಾನು ಗಮನಿಸಿದ್ದು ಏನೆಂದರೆ, ಮೊದಲ ಅರ್ಧ ನಿಜಕ್ಕೂ ರುಚಿಯಾಗಿರುತ್ತದೆ. ಉಳಿದ ಅರ್ಧವನ್ನು ತಿನ್ನುವುದು ನಾಳೆಯಿಂದ ಇದು ಸಿಗಲ್ಲ ಅನ್ನುವ ಯೋಚನೆಗೆ.

ನಮ್ಮ ಲೆಕ್ಕದ ವ್ಯಕ್ತಿ ಆರು ದಿನ ಸರಿಯಾಗಿ ತಿಂದು 2400 ಕೊರತೆ ಮಾಡಿಕೊಂಡಿದ್ದಾರೆ ಅಂದುಕೊಳ್ಳಿ. ಏಳನೆಯ ದಿನ ಒಟ್ಟು 4000 ತಿಂದರೆ ಆ ದಿನ 1800 ಹೆಚ್ಚಾಯಿತು. ವಾರದ ಕೊನೆಗೆ ಉಳಿದ ಕೊರತೆ 600 ಮಾತ್ರ. ಕೊಬ್ಬು ಏರಿಲ್ಲ, ಇಳಿಯುವುದು ನಿಧಾನವಾಗಿದೆ ಅಷ್ಟೆ. ಇಷ್ಟಕ್ಕೇ ನಿಂತಿದ್ದರೆ ಪರವಾಗಿಲ್ಲ. ಆದರೆ ಮರುದಿನ ತಕ್ಕಡಿ ಒಂದೂವರೆ ಕಿಲೋ ಜಾಸ್ತಿ ತೋರಿಸುತ್ತದೆ. ಹೆದರಿಕೆಗೆ ಅವತ್ತು 1000ಕ್ಕೆ ಇಳಿಸುತ್ತಾರೆ, ಅದರ ಮರುದಿನ 1200. ಮೂರನೆಯ ದಿನ ಸಂಜೆ ಕೆಲಸ ಮುಗಿಸಿ ಬಂದವರು ಬಿಸ್ಕತ್ತಿನ ಪೊಟ್ಟಣವನ್ನು ಅಡುಗೆಮನೆಯಲ್ಲಿ ನಿಂತುಕೊಂಡೇ ಖಾಲಿ ಮಾಡುತ್ತಾರೆ. ಆಮೇಲೆ ಗಿಲ್ಟ್, ಮತ್ತೆ ಕಡಿತ. ಇದನ್ನೇ ನಾನು ಸುಳಿ ಅನ್ನುತ್ತೇನೆ. ಚೀಟ್ ಮೀಲಿನ ನಿಜವಾದ ನಷ್ಟ ಆ ರಾತ್ರಿಯ 4000 ಅಲ್ಲ, ನಂತರದ ಈ ಮೂರು ದಿನಗಳು.

ಇದು ಮನಸ್ಸಿನ ಬಲ ಕಡಿಮೆ ಇದ್ದವರಿಗೆ ಮಾತ್ರ ಆಗುವಂಥದ್ದಲ್ಲ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕೊಟ್ಟು, ಆಮೇಲೆ ಐಸ್‌ಕ್ರೀಮ್ ರುಚಿ ನೋಡಲು ಹೇಳಿದರು. ಊಟದಲ್ಲಿ ಬಿಗಿ ಇಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಕಡಿಮೆ ತಿಂದರು. ಸದಾ ಬಿಗಿಹಿಡಿದು ತಿನ್ನುವವರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮನ್ನು ಇನ್ನೂ ಜಾಸ್ತಿ ತಿಂದರು. ಇವತ್ತಿನ ನಿಯಮ ಹೇಗೂ ಮುರಿಯಿತು, ಇನ್ನೇನು ಅನ್ನುವ ಭಾವನೆ ಇದು. ಚೀಟ್ ಅನ್ನುವ ಹೆಸರಿಟ್ಟುಕೊಂಡೇ ತಿನ್ನುವಾಗ ಈ ಭಾವನೆಗೆ ನಾವೇ ಬಾಗಿಲು ತೆಗೆದಂತೆ ಅಲ್ವಾ?

ಈಗ ರೀಫೀಡ್. ಇದನ್ನು ಚೀಟ್ ಮೀಲಿನ ಇನ್ನೊಂದು ಹೆಸರು ಅಂದುಕೊಂಡವರು ಬಹಳ. ಎರಡಕ್ಕೂ ತುಂಬಾ ದೂರ. ರೀಫೀಡಿನಲ್ಲಿ ಊಟ ಏರುವುದು ತೂಕ ನಿಲ್ಲುವ ಮಟ್ಟದವರೆಗೆ ಮಾತ್ರ, ಅಂದರೆ ನಮ್ಮ ಉದಾಹರಣೆಯಲ್ಲಿ 2200ರವರೆಗೆ. ಪ್ರೋಟೀನ್, ಕೊಬ್ಬು ಮೊದಲಿನಷ್ಟೇ ಇರುತ್ತವೆ. ಹೆಚ್ಚಾಗುವ 400 ಕ್ಯಾಲೊರಿ ಕಾರ್ಬ್‌ನಿಂದ ಬರಬೇಕು. ಅದು ಸುಮಾರು 100 ಗ್ರಾಂ ಕಾರ್ಬ್. ಮೂರು ಹೊತ್ತಿಗೆ ಹಂಚಿದರೆ ಪ್ರತಿ ಊಟದಲ್ಲಿ ಅನ್ನವೋ ಆಲೂಗಡ್ಡೆಯೋ ಬ್ರೆಡ್ಡೋ ಸ್ವಲ್ಪ ಜಾಸ್ತಿ, ಸಂಜೆಗೆ ಒಂದು ಹಣ್ಣು. ಇಷ್ಟೇ. ಹಬ್ಬದ ಊಟದ ಹಾಗೆ ಅನಿಸುವುದಿಲ್ಲ. ಅದು ಇದರ ಒಳ್ಳೆಯ ಗುಣ ಅಂತಲೇ ನನ್ನ ಅಭಿಪ್ರಾಯ.

ಭಾರ ಎತ್ತುವ ವ್ಯಾಯಾಮ ಮಾಡುವ ದಿನಗಳಿಗೆ ಇದನ್ನು ಹೊಂದಿಸಿದಾಗ ನನಗೆ ಫಲ ಚೆನ್ನಾಗಿ ಕಂಡಿತು. ಕಾಲಿನ ವ್ಯಾಯಾಮದ ಕೊನೆಯ ಸುತ್ತುಗಳಲ್ಲಿ ಸೋಲುತ್ತಿದ್ದ ಶಕ್ತಿ ಮರಳಿತು. ನಿದ್ದೆಯೂ ಚೆನ್ನಾಗಿ ಬಂತು. ಕಾರಣ ಸರಳ. ತಿಂದ ಕಾರ್ಬ್ ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಶಕ್ತಿಯ ದಾಸ್ತಾನಾಗಿ ತುಂಬಿಕೊಳ್ಳುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಸುಮಾರು 3 ಗ್ರಾಂ ನೀರನ್ನು ಜೊತೆಗೆ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ರೀಫೀಡಿನ ಮರುದಿನವೂ ತಕ್ಕಡಿ ಮೇಲೇರಬಹುದು, ಒಂದು ಕಿಲೋ ಆದರೂ ಅಚ್ಚರಿಯಿಲ್ಲ. ಅದು ಕೊಬ್ಬಲ್ಲ. ಒಂದು ಕಿಲೋ ಕೊಬ್ಬು ಸೇರಲು ಖರ್ಚಿಗಿಂತ ಸುಮಾರು 7700 ಕ್ಯಾಲೊರಿ ಜಾಸ್ತಿ ತಿನ್ನಬೇಕು. 2200 ಖರ್ಚು ಮಾಡುವ ದೇಹಕ್ಕೆ 2200 ಹಾಕಿದರೆ ಜಾಸ್ತಿಯಾದದ್ದು ಸೊನ್ನೆ. ಏರಿದ ತೂಕ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಈ ಲೆಕ್ಕವನ್ನು ಮೊದಲೇ ತಿಳಿದವರು ಮರುದಿನ ಬೆಳಗ್ಗೆ ತಿಂಡಿ ಬಿಡುವುದಿಲ್ಲ. ನಂಬಿಕೆ ಬರದಿದ್ದರೆ ರೀಫೀಡಿನ ನಂತರ ಮೂರು ದಿನ ತಕ್ಕಡಿಯನ್ನು ಮಂಚದ ಕೆಳಗೆ ಸರಿಸಿಡಿ.

ರೀಫೀಡ್ ಮಾಡಿದರೆ ಮೆಟಬಾಲಿಸಮ್ ಮತ್ತೆ ಚುರುಕಾಗುತ್ತದೆ ಅಂತ ಹೇಳುವವರಿದ್ದಾರೆ. ಅದನ್ನು ನಾನು ನಂಬುವುದಿಲ್ಲ. ಡಯಟ್‌ನಲ್ಲಿ ಲೆಪ್ಟಿನ್ ಎಂಬ ಹಾರ್ಮೋನ್ ಇಳಿದು ಹಸಿವು ಹೆಚ್ಚುವುದು ನಿಜ. ಕಾರ್ಬ್ ಜಾಸ್ತಿ ತಿಂದಾಗ ಅದು ಏರುವುದೂ ನಿಜ. ಆದರೆ ಮತ್ತೆ ಕಡಿತ ಶುರುವಾದರೆ ಅದೂ ಕೆಳಗೆ ಬರುತ್ತದೆ. ಮೆಟಬಾಲಿಸಮ್ ಚುರುಕಾಗುತ್ತದೆ ಅನ್ನುವುದಕ್ಕೆ ಸಾಕ್ಷಿ ಎಂದು ಹೆಚ್ಚಾಗಿ ತೋರಿಸುವ ಮ್ಯಾಟಡಾರ್ ಎಂಬ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಬಿಡುವು ಒಂದು ದಿನದ್ದಲ್ಲ. ಎರಡು ವಾರ ಕಡಿತ, ಎರಡು ವಾರ ಬಿಡುವು. ಅದರಲ್ಲಿದ್ದವರು ಬೊಜ್ಜು ಇದ್ದ ಗಂಡಸರು. ಅದನ್ನು ಒಂದು ದಿನದ ರೀಫೀಡಿಗೆ ಎಳೆದು ತರುವುದು ಸರಿಯಲ್ಲ.

ರೀಫೀಡ್ ಕೆಡುವುದು ಎರಡು ಕಡೆ. ಮೊದಲನೆಯದು, ಎರಡು ದಿನ 2200 ತಿಂದದ್ದನ್ನು ಸರಿದೂಗಿಸಲು ಉಳಿದ ಐದು ದಿನ 1640ಕ್ಕೆ ಇಳಿಸುವುದು. ಕಾಗದದ ಮೇಲೆ ವಾರದ ಕೊರತೆ ಮತ್ತೆ 2800 ಆಗುತ್ತದೆ. ಆದರೆ ಕಡಿತದ ದಿನಗಳು ಬಿಗಿಯಾದಷ್ಟೂ ಸುಳಿ ಹತ್ತಿರವಾಗುತ್ತದೆ. ಐದು ದಿನ 1800ರಲ್ಲೇ ಇರಿ, ವಾರಕ್ಕೆ 2000 ಕೊರತೆ ಸಾಕು. ಎರಡನೆಯದು, 2200ಕ್ಕೆ ನಿಲ್ಲಿಸಲು ಆಗದೇ ಇರುವುದು. ಲೆಕ್ಕ ದಾಟಿದ ಕೂಡಲೇ ಇವತ್ತು ಹೇಗೂ ರೀಫೀಡ್ ತಾನೇ ಅನ್ನುವ ಮಾತು ಒಳಗೆ ಶುರುವಾದರೆ, ಅದು ರೀಫೀಡ್ ಅಲ್ಲ, ಹೆಸರು ಬದಲಿಸಿದ ಚೀಟ್ ಡೇ.

ಮೂರನೆಯದನ್ನು ನಾನು ದಿನದ ಸಡಿಲು ಅನ್ನುತ್ತೇನೆ. 1800ರಲ್ಲಿ ಸುಮಾರು 200 ಕ್ಯಾಲೊರಿ ಇಷ್ಟದ ತಿಂಡಿಗೆ. 1800 ಅನ್ನುವುದನ್ನೂ ಗೋಡೆ ಮಾಡಬೇಡಿ. 1700ರಿಂದ 1950ರ ನಡುವೆ ಎಲ್ಲಿದ್ದರೂ ಅವತ್ತಿನ ದಿನ ಸರಿಯಾಗಿದೆ. ಇದರ ಜೊತೆಗೆ ಒಂದು ಕೆಲಸ ಕಡ್ಡಾಯ: ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ, ಎರಡರ ನಡುವೆ ನಾಲ್ಕು ಗಂಟೆಗಿಂತ ಜಾಸ್ತಿ ಅಂತರ ಬೇಡ. ಬಿಂಜ್‌ಗೆ, ಅಂದರೆ ಹಿಡಿತ ತಪ್ಪಿ ತಿನ್ನುವುದಕ್ಕೆ, ಮನೋಚಿಕಿತ್ಸೆ ಕೊಡುವವರು ಮೊದಲು ಹಾಕಿಕೊಡುವ ಕ್ರಮ ಹೆಚ್ಚುಕಡಿಮೆ ಇದೇ. ಯಾವ ತಿಂಡಿ ಬೇಡ ಅನ್ನುವ ಮಾತಿಗೆ ಮುಂಚೆ ಹೊತ್ತುಹೊತ್ತಿಗೆ ತಿನ್ನುವುದನ್ನು ಸರಿಮಾಡುತ್ತಾರೆ.

ಯಾವ ತಿಂಡಿ ಕಂಡರೆ ಹಿಡಿತ ತಪ್ಪುತ್ತದೋ ಅದನ್ನೇ ನಾನು ಇದಕ್ಕೆ ಆರಿಸಿದೆ. ನನಗೆ ಅದು ಚಾಕೊಲೇಟ್. ಮಧ್ಯಾಹ್ನದ ಊಟ ಪೂರ್ತಿ ಮುಗಿಸಿದ ಮೇಲೆ ನಾಲ್ಕು ತುಂಡು ಮುರಿದು ತಟ್ಟೆಗೆ ಹಾಕಿಕೊಳ್ಳುವುದು. ಸುಮಾರು 20 ಗ್ರಾಂ, 110 ಕ್ಯಾಲೊರಿ. ಉಳಿದದ್ದನ್ನು ಸುತ್ತಿ ಒಳಗಿಟ್ಟು, ಮೇಜಿನ ಮುಂದೆ ಕೂತು ತಿನ್ನುವುದು. ಮೊದಮೊದಲು ಐದನೆಯ ತುಂಡಿನ ಯೋಚನೆ ಜೋರಾಗಿರುತ್ತದೆ. ನಾಳೆಯೂ ಇದೇ ಹೊತ್ತಿಗೆ ಸಿಗುತ್ತದೆ ಅನ್ನುವುದು ದಿನದಿನವೂ ನಿಜವಾಗುತ್ತಾ ಹೋದಂತೆ ಆ ಯೋಚನೆ ಸಡಿಲವಾಗುತ್ತದೆ. ಒಂದು ಹಂತದಲ್ಲಿ ಮೂರೇ ತುಂಡಿಗೆ ಸಾಕು ಅನಿಸತೊಡಗಿತು, ಯಾರೂ ಹೇಳದೆ. ಹೊಟ್ಟೆ ತುಂಬಿದ ಮೇಲೆ ತಿನ್ನುವುದರಲ್ಲೇ ಗುಟ್ಟಿದೆ. ಅದೇ ಚಾಕೊಲೇಟನ್ನು ಸಂಜೆ ಆರಕ್ಕೆ ಬರೀ ಹೊಟ್ಟೆಯಲ್ಲಿ ತೆಗೆದರೆ ಕಥೆಯೇ ಬೇರೆ.

ಇದಕ್ಕೂ ಮಿತಿ ಇದೆ. ಬೆಳಗಿನಿಂದ 200 ಉಳಿಸುತ್ತಾ ಹೋಗಿ ರಾತ್ರಿಗೆ 700 ಮಾಡಿಕೊಳ್ಳುವವರಿದ್ದಾರೆ. ಅಲ್ಲಿ ಪುಟ್ಟ ಚೀಟ್ ಮೀಲ್ ದಿನವೂ ನಡೆಯುತ್ತಿರುತ್ತದೆ. ಇನ್ನು ಕೆಲವರಿಗೆ ಪ್ರತಿ ತುತ್ತನ್ನೂ ಆ್ಯಪ್‌ನಲ್ಲಿ ಬರೆಯದೆ ನೆಮ್ಮದಿ ಇರುವುದಿಲ್ಲ. ಬೇರೆಯವರು ಮಾಡಿದ ಅಡುಗೆ ತಿನ್ನಲು ಭಯವಾಗತೊಡಗಿದರೆ ಲೆಕ್ಕ ಬರೆಯುವುದನ್ನೇ ನಿಲ್ಲಿಸಬೇಕು. ಹೊತ್ತು ಮತ್ತು ತಟ್ಟೆಯ ಅಳತೆ ಸಾಕು.

ಹಾಗಾದರೆ ಯಾರಿಗೆ ಯಾವುದು? ವಾರಕ್ಕೆ ಮೂರು ನಾಲ್ಕು ಸಲ ಕಷ್ಟಪಟ್ಟು ವ್ಯಾಯಾಮ ಮಾಡುವವರು, ತಿಂದದ್ದಕ್ಕೆ ಗಿಲ್ಟ್ ಇಲ್ಲದವರು ರೀಫೀಡ್ ಮಾಡಲಿ. ಸುಳಿಯಲ್ಲಿ ಒಮ್ಮೆಯಾದರೂ ಸಿಕ್ಕವರಿಗೆ ದಿನದ ಸಡಿಲೇ ಸರಿ, ತೂಕ ನಿಧಾನಕ್ಕೆ ಇಳಿದರೂ ಪರವಾಗಿಲ್ಲ. ಚೀಟ್ ಮೀಲನ್ನು ನಾನು ಯಾರಿಗೂ ಹೇಳುವುದಿಲ್ಲ. ಗೆಳೆಯರ ಜೊತೆ ಹೊರಗೆ ಊಟಕ್ಕೆ ಹೋಗಿ. ಅದಕ್ಕೆ ಆ ಹೆಸರು ಬೇಡ, ಅದಕ್ಕಾಗಿ ಮಧ್ಯಾಹ್ನದ ಊಟ ಬಿಡುವುದೂ ಬೇಡ.

ಒಂದು ರಾತ್ರಿ ಲೆಕ್ಕ ಮೀರಿ ತಿಂದಾಗ ನಾನು ಮಾಡುವುದು ಇಷ್ಟು. ಮರುದಿನ ಮಾಮೂಲಿ ಹೊತ್ತಿಗೆ ಮಾಮೂಲಿ ತಿಂಡಿ, ಹಸಿವು ಇಲ್ಲದಿದ್ದರೆ ಸ್ವಲ್ಪ ಕಡಿಮೆ, ಆದರೆ ಬಿಡುವಂತಿಲ್ಲ. ತಕ್ಕಡಿ ಇಲ್ಲ. ತಿಂದದ್ದನ್ನು ಕರಗಿಸಲು ಹೆಚ್ಚಿನ ಓಟವೂ ಇಲ್ಲ.

ಹಿಡಿತವೇ ತಪ್ಪಿ ತಿನ್ನುವುದು ವಾರಕ್ಕೊಮ್ಮೆಯಂತೆ ಮೂರು ತಿಂಗಳು ನಡೆದಿದ್ದರೆ ಅದನ್ನು ವೈದ್ಯರು ಕಾಯಿಲೆ ಎಂದೇ ಗುರುತಿಸುತ್ತಾರೆ, ಅದಕ್ಕೆ ಚಿಕಿತ್ಸೆಯೂ ಇದೆ. ಮೂರು ತಿಂಗಳು ತುಂಬಲಿ ಅಂತ ಕಾಯಬೇಕಿಲ್ಲ. ತಿಂದ ಮೇಲೆ ವಾಂತಿ ಮಾಡಿಕೊಳ್ಳುವುದು, ಭೇದಿ ಮಾತ್ರೆ ತೆಗೆದುಕೊಳ್ಳುವುದು ಇದ್ದರೆ ತಡಮಾಡದೆ ತೋರಿಸಬೇಕು. ಅಂಥವರಿಗೆ ಈ ಮೂರರಲ್ಲಿ ಯಾವುದೂ ಅಲ್ಲ. ಮೊದಲು ಕಡಿತವನ್ನೇ ನಿಲ್ಲಿಸಿ ತೂಕ ನಿಲ್ಲುವ ಮಟ್ಟದ ಊಟಕ್ಕೆ ಬರಬೇಕು. ತೂಕದ ಮಾತು ಆಮೇಲೆ, ಚಿಕಿತ್ಸೆ ಕೊಡುವವರ ಜೊತೆ ಕೂತು.