ಹಳೆಯ ಕೆಲಸಕ್ಕೂ ರಕ್ಷಣೆ ಸಿಗುವಂತೆ ಬರೆದ ಆ ಇಮೇಲ್: ಐದು ವರ್ಷ ಬಳಸಿದ ವೃತ್ತಿ ಹೊಣೆ ವಿಮೆಯ ವಿಮರ್ಶೆ

ಚಿಕ್ಕಮಗಳೂರಿನಲ್ಲಿ ನಾವು ಮೂವರು ಪಾಲುದಾರರು ಸ್ಟ್ರಕ್ಚರಲ್ ಕನ್ಸಲ್ಟೆನ್ಸಿ ನಡೆಸುತ್ತಿದ್ದೇವೆ. ತೋಟದ ಮನೆ, ಹೋಂಸ್ಟೇ, ಕಾಫಿ ಗೋದಾಮು, ಧರೆಗೆ ಕಟ್ಟುವ ತಡೆಗೋಡೆ, ಇವುಗಳ ವಿನ್ಯಾಸವೇ ನಮ್ಮ ಮುಖ್ಯ ಕೆಲಸ. ನಮ್ಮ ವೃತ್ತಿಯ ತಪ್ಪಿಗೆ ಗ್ರಾಹಕರು ಪರಿಹಾರ ಕೇಳಿದರೆ ರಕ್ಷಣೆ ಕೊಡುವ ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿಯನ್ನು 2017ರ ಏಪ್ರಿಲ್ 1ರಿಂದ ಇಟ್ಟುಕೊಂಡಿದ್ದೇವೆ. ನಾಲ್ಕು ವರ್ಷಗಳ ನಂತರ, 2021ರಲ್ಲಿ, ಪ್ರೀಮಿಯಂ ಕಡಿಮೆ ಎಂಬ ಕಾರಣಕ್ಕೆ ಬೇರೊಂದು ಕಂಪನಿಗೆ ಬದಲಾದೆವು. ಈ ವಿಮರ್ಶೆ ಆ ಎರಡನೆಯ ಪಾಲಿಸಿಯನ್ನು ಐದು ವರ್ಷ ಬಳಸಿದ ಅನುಭವದ ಮೇಲೆ ನಿಂತಿದೆ. ಅದರಲ್ಲಿ ಬಹುಪಾಲು ಒಂದೇ ಒಂದು ದಿನಾಂಕದ ಕುರಿತು ಇದ್ದರೆ ಅದಕ್ಕೆ ಕಾರಣವಿದೆ.

ಹೊಸ ಕಂಪನಿಯ ಕೋಟ್ ನಲವತ್ತೊಂದು ಸಾವಿರ ರೂಪಾಯಿಗೆ ಬಂದಿತ್ತು, ಹಳೆಯದು ಅರವತ್ತು ಸಾವಿರ ದಾಟಿತ್ತು. ಎರಡೂ ಕಡೆ ಒಂದು ಕೋಟಿಯ ಮಿತಿ. ಆದರೆ ಕೋಟಿನ ಎರಡನೆಯ ಪುಟದಲ್ಲಿ ‘ರೆಟ್ರೋಆಕ್ಟಿವ್ ಡೇಟ್: 01-04-2021’ ಎಂದಿತ್ತು. ಈ ಬಗೆಯ ಪಾಲಿಸಿಯಲ್ಲಿ ಕ್ಲೇಮ್ ಪಾಲಿಸಿಯ ಅವಧಿಯೊಳಗೆ ಬರಬೇಕು, ಅದಕ್ಕೆ ಕಾರಣವಾದ ತಪ್ಪು ರೆಟ್ರೋಆಕ್ಟಿವ್ ದಿನಾಂಕದ ನಂತರ ನಡೆದಿರಬೇಕು, ಎರಡೂ ಆದರೆ ಮಾತ್ರ ರಕ್ಷಣೆ. ಗೋಡೆ ಯಾವಾಗ ಬಿತ್ತು ಎಂಬುದಲ್ಲ, ಅದರ ಡ್ರಾಯಿಂಗಿಗೆ ನಾವು ಯಾವಾಗ ಸಹಿ ಹಾಕಿದೆವು ಎಂಬುದನ್ನು ಅವರು ನೋಡುತ್ತಾರೆ. ಆ ಕೋಟನ್ನು ಹಾಗೆಯೇ ಒಪ್ಪಿದ್ದರೆ ಹಿಂದಿನ ನಾಲ್ಕು ವರ್ಷಗಳ ಎಲ್ಲ ಡ್ರಾಯಿಂಗುಗಳೂ ರಕ್ಷಣೆಯಿಂದ ಹೊರಗುಳಿಯುತ್ತಿದ್ದವು. ಹಳೆಯ ಪಾಲಿಸಿ ಮುಗಿದುಹೋದದ್ದರಿಂದ ಅಲ್ಲಿಯೂ ಏನೂ ದಕ್ಕುತ್ತಿರಲಿಲ್ಲ. ಹತ್ತೊಂಬತ್ತು ಸಾವಿರದ ಉಳಿತಾಯ ಅಲ್ಲಿಂದಲೇ ಬರುತ್ತಿತ್ತು ಎಂದು ನನಗೆ ಆಗ ಹೊಳೆಯಿತು.

ಬ್ರೋಕರ್ ಮೂಲಕ ನಾನು ಕಳಿಸಿದ ಇಮೇಲಿನ ಸಾರ ಹೀಗಿತ್ತು: ‘ನಮ್ಮ ಮೊದಲ ಪಾಲಿಸಿ 01-04-2017ರಂದು ಶುರುವಾಗಿದೆ. ಅಂದಿನಿಂದ ಒಂದು ದಿನವೂ ತಪ್ಪದಂತೆ ನವೀಕರಿಸಿದ ನಾಲ್ಕೂ ಶೆಡ್ಯೂಲುಗಳನ್ನು ಲಗತ್ತಿಸಿದ್ದೇವೆ. ಹಿಂದಿನ ಕಂಪನಿಯಿಂದ ಪಡೆದ ಕ್ಲೇಮ್ ಇತಿಹಾಸದ ಪತ್ರವೂ ಇದೆ. ನಿಮ್ಮ ಪಾಲಿಸಿಯಲ್ಲಿ ರೆಟ್ರೋಆಕ್ಟಿವ್ ದಿನಾಂಕವನ್ನು 01-04-2017 ಎಂದೇ ಉಳಿಸಬೇಕೆಂದು, ಮತ್ತು ಅದನ್ನು ಶೆಡ್ಯೂಲಿನಲ್ಲಿಯೇ ನಮೂದಿಸಬೇಕೆಂದು ಕೋರುತ್ತೇವೆ. ಇದಕ್ಕೆ ಹೆಚ್ಚುವರಿ ಪ್ರೀಮಿಯಂ ಎಷ್ಟೆಂದು ಲಿಖಿತವಾಗಿ ತಿಳಿಸಿ.’ ಇದರ ಜತೆಗೆ ಆ ನಾಲ್ಕು ವರ್ಷಗಳಲ್ಲಿ ಬಂದ ಶುಲ್ಕವನ್ನು ವರ್ಷವಾರು ಮತ್ತು ಕೆಲಸದ ಬಗೆವಾರು ಒಂದು ಹಾಳೆಯಲ್ಲಿ ಕೊಟ್ಟೆ. ಅಪಾಯ ಅಳೆದು ಪ್ರೀಮಿಯಂ ನಿಗದಿಪಡಿಸುವ ಅಂಡರ್‌ರೈಟರಿಗೆ ಭಯ ಹುಟ್ಟುವುದು ಕಾಣದ ಕೆಲಸದ ಬಗ್ಗೆ. ಧರೆಯ ಗೋಡೆಗಳು ಎಷ್ಟು, ಸಾಧಾರಣ ಮನೆಗಳು ಎಷ್ಟು ಎಂದು ಕಂಡರೆ ಲೆಕ್ಕ ಹಾಕಲು ಅವರಿಗೊಂದು ಆಧಾರ ಸಿಗುತ್ತದೆ.

ಮೂರು ದಿನಗಳ ನಂತರ ಬಂದ ಉತ್ತರದಲ್ಲಿ ಶೇಕಡ 40ರಷ್ಟು ಹೆಚ್ಚುವರಿ ಕೇಳಿದ್ದರು, ಜತೆಗೆ ‘ಯಾವುದೇ ಕ್ಲೇಮಿಗೆ ಕಾರಣವಾಗಬಹುದಾದ ಸಂಗತಿ ತಿಳಿದಿಲ್ಲ’ ಎಂಬ ಘೋಷಣೆಗೆ ಪಾಲುದಾರರೆಲ್ಲರೂ ಸಹಿ ಹಾಕಬೇಕೆಂದಿದ್ದರು. ಶುಲ್ಕದ ಹಾಳೆ ಮತ್ತು ನಾಲ್ಕು ವರ್ಷಗಳಲ್ಲಿ ಒಂದೂ ಕ್ಲೇಮ್ ಇಲ್ಲದ ದಾಖಲೆಯನ್ನು ಮುಂದಿಟ್ಟು ಎರಡು ಸುತ್ತು ಪತ್ರವ್ಯವಹಾರ ನಡೆಸಿದ ಮೇಲೆ ಹೆಚ್ಚುವರಿ ಶೇಕಡ 18ಕ್ಕೆ ಇಳಿಯಿತು. ಅಂದರೆ ಏಳು ಸಾವಿರದ ಮುನ್ನೂರ ಎಂಬತ್ತು ರೂಪಾಯಿ, ತೆರಿಗೆ ಬೇರೆ. ಹಳೆಯ ಪ್ರೀಮಿಯಮ್ಮಿಗಿಂತ ಆಗಲೂ ಕಡಿಮೆಯೇ ಆಯಿತು.

ಹಣಕ್ಕಿಂತ ಆ ಘೋಷಣೆಯ ಮೇಲೆ ನಾವು ಹೆಚ್ಚು ಹೊತ್ತು ಚರ್ಚಿಸಿದೆವು. 2020ರಲ್ಲಿ ಒಬ್ಬ ಗ್ರಾಹಕರು ಗೋದಾಮಿನ ನೆಲಹಾಸಿನ ಬಿರುಕಿನ ಬಗ್ಗೆ ನಮಗೊಂದು ಪತ್ರ ಬರೆದಿದ್ದರು; ಪರಿಹಾರ ಕೇಳಿರಲಿಲ್ಲ, ಆಮೇಲೆ ಸುಮ್ಮನಾಗಿದ್ದರು. ‘ಅದು ಕ್ಲೇಮೇ ಅಲ್ಲವಲ್ಲ ಸಾರ್, ಯಾಕೆ ಬರೆಯಬೇಕು?’ ಎಂದು ನಮ್ಮ ಕಿರಿಯ ಪಾಲುದಾರರು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಘೋಷಣೆಯಲ್ಲಿದ್ದ ಮಾತು ‘ಕ್ಲೇಮ್’ ಅಲ್ಲ, ‘ಸಂಗತಿ’. ಆ ಪತ್ರ ಫೈಲಿನಲ್ಲಿರುವಾಗ ಏನೂ ತಿಳಿದಿಲ್ಲವೆಂದು ಸಹಿ ಹಾಕಿದ್ದರೆ ಮುಂದೆ ಅದೊಂದೇ ಕಾರಣಕ್ಕೆ ಇಡೀ ಪಾಲಿಸಿಯನ್ನೇ ಪ್ರಶ್ನಿಸಲು ಅವಕಾಶವಾಗುತ್ತಿತ್ತು. ಆದ್ದರಿಂದ ಮಾರ್ಚ್ 26ರಂದು, ಹಳೆಯ ಪಾಲಿಸಿ ಇನ್ನೂ ಚಾಲ್ತಿಯಲ್ಲಿರುವಾಗಲೇ, ಆ ಪತ್ರವನ್ನು ಹಳೆಯ ಕಂಪನಿಗೆ ಲಿಖಿತವಾಗಿ ತಿಳಿಸಿದೆವು. ಅದರಿಂದ ಮುಂದೆ ಕ್ಲೇಮ್ ಹುಟ್ಟಿದರೂ ಅದು ಹಳೆಯ ಪಾಲಿಸಿಗೇ ಸೇರುವಂತೆ ಅದರ ನಿಬಂಧನೆಯಲ್ಲಿ ಅವಕಾಶವಿತ್ತು. ಹೊಸ ಕಂಪನಿಗೂ ಅದನ್ನೇ ಹೇಳಿದೆವು, ಅವರು ಆ ಒಂದು ಕೆಲಸವನ್ನು ಹೊರಗಿಟ್ಟು ಉಳಿದದ್ದಕ್ಕೆ ಒಪ್ಪಿದರು. ಕಂಪನಿ ಬದಲಿಸುವವರು ಈ ಹೆಜ್ಜೆಯನ್ನು ಬಿಡಬಾರದು, ಏಕೆಂದರೆ ಪಾಲಿಸಿ ಮುಗಿದ ಮೇಲೆ ಇಂಥ ಸಂಗತಿಯನ್ನು ಹಳೆಯ ಕಂಪನಿಗೆ ತಿಳಿಸಲು ಸಾಮಾನ್ಯವಾಗಿ ಅವಕಾಶವಿರುವುದಿಲ್ಲ.

ನಮ್ಮ ಸಂಸ್ಥೆ ಶುರುವಾದದ್ದು 2013ರಲ್ಲಿ. ಆ ದಿನಾಂಕವನ್ನೂ ಕೇಳಿ ನೋಡಿದೆ. ವಿಮೆಯೇ ಇಲ್ಲದ ವರ್ಷಗಳಿಗೆ ಇಪ್ಪತ್ತೈದು ಲಕ್ಷದ ಉಪಮಿತಿ, ಅದಕ್ಕೆ ದೊಡ್ಡ ಪ್ರೀಮಿಯಂ ಎಂದರು. ಆಗ ಮಾಡಿದ್ದೆಲ್ಲ ಹೆಚ್ಚಾಗಿ ಒಂದಂತಸ್ತಿನ ಮನೆಗಳಾದ್ದರಿಂದ ಬೇಡವೆಂದೆವು.

2022ರ ನವೀಕರಣದಲ್ಲಿ ಈ ಕಂಪನಿಯ ಮೇಲೆ ನನಗಿರುವ ದೊಡ್ಡ ದೂರು ಹುಟ್ಟಿತು. ಹೊಸ ಶೆಡ್ಯೂಲಿನಲ್ಲಿ ರೆಟ್ರೋಆಕ್ಟಿವ್ ದಿನಾಂಕ 01-04-2022 ಎಂದು ಮುದ್ರಣವಾಗಿತ್ತು. ಯಾರೂ ಹೇಳಿರಲಿಲ್ಲ, ಪ್ರೀಮಿಯಂ ಮಾತ್ರ ಹಿಂದಿನಷ್ಟೇ ಇತ್ತು. ಕವರ್ ತೆಗೆದು ಹಳೆಯ ಶೆಡ್ಯೂಲಿನ ಪಕ್ಕದಲ್ಲಿಟ್ಟು ಸಾಲಿಗೆ ಸಾಲು ಹೋಲಿಸಿದ್ದರಿಂದ ಕಣ್ಣಿಗೆ ಬಿತ್ತು. ಹಿಂದಿನ ವರ್ಷದ ಇಮೇಲುಗಳನ್ನು ಲಗತ್ತಿಸಿ ಬರೆದೆ. ‘ಸಿಸ್ಟಮಿನಲ್ಲಿ ತಾನಾಗಿ ಬಂದಿದೆ’ ಎಂಬ ಉತ್ತರ ಬಂತು, ಪಾಲಿಸಿಯ ದಿನಾಂಕ ತಿದ್ದಿದ ಎಂಡಾರ್ಸ್‌ಮೆಂಟ್ ಪತ್ರ ಕೈಸೇರಲು ಐದು ವಾರ ಬೇಕಾಯಿತು. ಮೇ ತಿಂಗಳ ಮೊದಲ ವಾರದಲ್ಲಿ ಅದು ಬಂತು.

ಜುಲೈ ಮಳೆಯಲ್ಲಿ ಮೂಡಿಗೆರೆ ಕಡೆಯ ಒಂದು ಹೋಂಸ್ಟೇಯ ತಡೆಗೋಡೆ ಹೊಟ್ಟೆಯುಬ್ಬಿ ನಡುವೆ ಬಿರುಕು ಬಿಟ್ಟಿತು. ನಾನೇ ಹೋಗಿ ನೋಡಿದೆ: ಗೋಡೆಯ ಹಿಂದಿನ ನೀರು ಬಸಿಯಲು ಬಿಟ್ಟ ರಂಧ್ರಗಳಲ್ಲಿ ಕೆಳಗಿನ ಸಾಲು ಒಣಗಿತ್ತು, ಮೇಲಿನ ಸಾಲಿನಿಂದ ಮಾತ್ರ ಕೆಂಪು ನೀರು ಸುರಿಯುತ್ತಿತ್ತು. ಕೆಳಗೆ ಜಲ್ಲಿಯ ಪದರ ಮುಚ್ಚಿಹೋಗಿ ನೀರು ಹಿಂದೆ ನಿಂತಿದೆ ಎಂದು ಅದರಿಂದಲೇ ತಿಳಿಯುತ್ತಿತ್ತು. ಕಟ್ಟಿದವರ ಲೋಪವೂ ಇತ್ತು, ನಮ್ಮ ಡ್ರಾಯಿಂಗಿನಲ್ಲಿ ಸೋಸುವ ಪದರದ ವಿವರ ಸಾಲದೆ ಇದ್ದುದೂ ನಿಜ. ಡ್ರಾಯಿಂಗಿನ ದಿನಾಂಕ 2019ರ ಅಕ್ಟೋಬರ್. ಆಗಸ್ಟಿನಲ್ಲಿ ಹದಿನೆಂಟು ಲಕ್ಷ ಕೇಳಿ ವಕೀಲರ ನೋಟಿಸ್ ಬಂತು. ಮರುದಿನವೇ ಕಂಪನಿಗೆ ತಿಳಿಸಿದೆವು, ಅವರ ಒಪ್ಪಿಗೆಯಿಲ್ಲದೆ ಗ್ರಾಹಕರಿಗೆ ತಪ್ಪೊಪ್ಪಿಗೆಯ ಒಂದು ಮಾತನ್ನೂ ಬರೆಯಲಿಲ್ಲ.

ಕ್ಲೇಮ್ ಪರಿಶೀಲಿಸಲು ಬಂದ ವಿಮಾ ಸರ್ವೇಯರ್ ಮೊದಲು ಕೇಳಿದ್ದು ಡ್ರಾಯಿಂಗಿನ ರಿವಿಷನ್ ರಿಜಿಸ್ಟರ್, ಎರಡನೆಯದಾಗಿ ರೆಟ್ರೋಆಕ್ಟಿವ್ ದಿನಾಂಕದ ಎಂಡಾರ್ಸ್‌ಮೆಂಟ್. ಎರಡೂ ಸಿದ್ಧವಿದ್ದುದರಿಂದ ಆ ವಿಷಯ ಅಲ್ಲಿಗೇ ಮುಗಿಯಿತು. ಹನ್ನೊಂದು ತಿಂಗಳ ನಂತರ ಒಂಬತ್ತು ಲಕ್ಷಕ್ಕೆ ರಾಜಿಯಾಯಿತು, ಅದರಲ್ಲಿ ನಮ್ಮ ಪಾಲಿನ ಕಡಿತ ಒಂದು ಲಕ್ಷ. ವಕೀಲರ ಖರ್ಚನ್ನೂ ಕಂಪನಿಯೇ ಭರಿಸಿತು, ಆದರೆ ಅದು ಆ ವರ್ಷದ ಒಂದು ಕೋಟಿಯ ಮಿತಿಯೊಳಗಿಂದಲೇ ಹೋಯಿತು.

ಕ್ಲೇಮ್ ನಿಭಾಯಿಸಿದ ರೀತಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ನವೀಕರಣದ ಕಾಗದಪತ್ರಕ್ಕೆ ಎರಡಕ್ಕಿಂತ ಹೆಚ್ಚು ಕೊಡಲಾರೆ. ಪಾಲಿಸಿಯನ್ನು ಈಗಲೂ ಮುಂದುವರಿಸಿದ್ದೇವೆ. ಈ ಏಪ್ರಿಲ್‌ನಲ್ಲಿ ಬಂದ ಶೆಡ್ಯೂಲಿನಲ್ಲಿ ದಿನಾಂಕ 01-04-2017 ಎಂದೇ ಇದೆ. ಕವರ್ ಬಂದ ದಿನವೇ ನೋಡಿದೆ.