ಊಟದ ಮೆಸ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ಸಿಟ್ಟು ಇನ್ನೂ ಇಳಿದಿಲ್ಲ. ನಾಚಿಕೆಯೂ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ನಮ್ಮ ಆಫೀಸಿಗೆ ಮಧ್ಯಾಹ್ನದ ಊಟ ಕಳಿಸುವ ಒಂದು ಮೆಸ್ ಇದೆ. ಊಟಕ್ಕೆ 80 ರೂಪಾಯಿ, ಭಾನುವಾರ ರಜೆ. 2025ರ ಮಾರ್ಚ್ 25ಕ್ಕೆ ಮಾಲೀಕರೇ ಫೋನ್ ಮಾಡಿ, "90 ಊಟದ್ದು ಒಟ್ಟಿಗೆ ಹಾಕಿಬಿಡಿ ಸರ್, ದಿನಾ ಚಿಲ್ಲರೆ ತಾಪತ್ರಯ ಇರಲ್ಲ" ಎಂದರು. ಅವತ್ತೇ 7,200 ಹಾಕಿದೆ.

ಏಪ್ರಿಲ್ 12ಕ್ಕೆ ಸುಮ್ನೆ ಲೆಕ್ಕ ಕೇಳಿದೆ. ನಾನು ತಿಂದಿದ್ದು 17 ಊಟ, ಉಳಿಯಬೇಕಾಗಿದ್ದು 73. "59 ಇದೆ ಸರ್" ಎಂದರು. ಬರೆದುಕೊಳ್ಳುವಾಗ ತಪ್ಪಾಗಿದೆ ಎಂದುಕೊಂಡೆ. ತಪ್ಪಲ್ಲ! ಒಂದನೇ ತಾರೀಖಿನಿಂದ ರೇಟು 96 ಮಾಡಿ, ನಾನು ಮೊದಲೇ ಕೊಟ್ಟ ದುಡ್ಡಿನಿಂದಲೇ ಹೊಸ ರೇಟಿನಲ್ಲಿ ಕಳೆಯುತ್ತಿದ್ದರು. 14 ಊಟ ಹೋಯಿತು. ನಾನು ಕೊಂಡಿದ್ದು ಊಟ, ಅವರು ಇಟ್ಟುಕೊಂಡಿದ್ದು ರೂಪಾಯಿ ಲೆಕ್ಕ. ಇದು ಹೊಳೆದಾಗ ಹೊಟ್ಟೆ ಉರಿದುಹೋಯಿತು.

"ಅಣ್ಣಾ, ಹೇಳಲೇ ಇಲ್ಲವಲ್ಲ?"

"ಹೇಳಿದೀವಲ್ಲ ಸರ್, ಸ್ಟೇಟಸ್ ಹಾಕಿದ್ದೆ."

ವಾಟ್ಸಾಪ್ ಸ್ಟೇಟಸ್! ಅದೂ ಮಾರ್ಚ್ 30ರ ಸಂಜೆ, ಯುಗಾದಿ ದಿನ. ನಾನು ಊರಲ್ಲಿದ್ದೆ. 24 ಗಂಟೆಗೆ ಅಳಿಸಿಹೋಗುವುದನ್ನು ತಿಳಿಸಿದ್ದು ಅಂತಾರಾ? ದಿನಾ "ಊಟ ಬಂತಾ ಸರ್" ಎಂದು ನನಗೇ ಮೆಸೇಜ್ ಮಾಡುವವರಿಗೆ ರೇಟಿನ ವಿಷಯ ನನಗೆ ಕಳಿಸಲು ಆಗಲಿಲ್ಲವಾ?

ಕಾರಣ ಕೇಳಿದರೆ, "ಹಾಲಿನ ರೇಟು ಜಾಸ್ತಿ ಆಯ್ತಲ್ಲ." ಹೌದು, ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು, ಮೊಸರು ಕೂಡ. ಊಟದ ಜೊತೆ ಬರುವುದು ನೂರು ಗ್ರಾಂ ಮೊಸರಿನ ಕಪ್ಪು. ಅದಕ್ಕೆ 40 ಪೈಸೆ ಆಯಿತು. ಮಿಕ್ಕ 15 ರೂಪಾಯಿ 60 ಪೈಸೆ ಎಲ್ಲಿಂದ ಬಂತು? ಬಾಡಿಗೆ ಏರಿದ್ದರೆ, ಅಡುಗೆಯವರ ಸಂಬಳ ಏರಿದ್ದರೆ ಹಾಗೇ ಹೇಳಲಿ, ಕೊಡುತ್ತಿದ್ದೆ. ಹಾಲಿನ ಏರಿಕೆಯನ್ನೂ ಸರ್ಕಾರದವರು ಮಾರ್ಚ್ 27ಕ್ಕೇ ತಾರೀಖು ಸಮೇತ ಹೇಳಿದ್ದರು. ಇವರು ನನಗೆ ಒಂದು ಸಾಲು ಬರೆಯಲಿಲ್ಲ.

"ಅಡ್ವಾನ್ಸ್ ಕೊಟ್ಟಿರುವ ಊಟ ಮುಗಿಯುವವರೆಗೆ ಹಳೇ ರೇಟು ಇರಲಿ, ಆಮೇಲೆ 96 ಕೊಡುತ್ತೇನೆ" ಎಂದೆ.

"ಎಲ್ಲರಿಗೂ ಒಂದೇ ಸರ್. ಬೇಡ ಅಂದ್ರೆ ನಿಲ್ಲಿಸಿ, ಅಡ್ವಾನ್ಸ್ ಮಾತ್ರ ವಾಪಸ್ ಇಲ್ಲ."

ದುಡ್ಡು ನನ್ನದು, ಅಲ್ವಾ?

ನೀವು ಮೆಸ್‌ಗೆ ಒಟ್ಟಿಗೆ ದುಡ್ಡು ಹಾಕುವುದಾದರೆ, "90 ಊಟ, ಒಂದಕ್ಕೆ 80, ಮುಗಿಯುವವರೆಗೆ ಇದೇ ರೇಟು" ಎಂದು ಮೊದಲು ಅವರಿಂದ ಮೆಸೇಜ್ ತರಿಸಿಕೊಳ್ಳಿ. ಬರೀ "7,200 ಬಂತು" ಎಂದರೆ ಒಪ್ಪಬೇಡಿ. ನಾನು ಅಷ್ಟಕ್ಕೇ ಒಪ್ಪಿಬಿಟ್ಟಿದ್ದೆ. ತಿಂಗಳ ಕೊನೆಯಲ್ಲಿ ಅವರಾಗಿಯೇ ಫೋನ್ ಮಾಡಿ ಅಡ್ವಾನ್ಸ್ ಕೇಳಿದರೆ, ರೇಟು ಏರಿಸುತ್ತೀರಾ ಎಂದು ನೇರವಾಗಿ ಕೇಳಿ.

73 ಊಟಕ್ಕೆ 5,840 ರೂಪಾಯಿ ವಾಪಸ್ ಕೊಡಿ ಎಂದು ಬರೆದು ಕಳಿಸಿದ್ದೇನೆ. "ನೋಡೋಣ ಸರ್" ಎಂದು ಉತ್ತರ ಬಂದಿದೆ.