"ನಾಳೆಯಿಂದ ಬರೋದು ಬೇಡ" ಅಂದ್ರೆ ನೀವು ಬಿಡುಗಡೆಯಾದಿರಿ ಅಂತಲ್ಲ

"ನಾಳೆಯಿಂದ ಆಫೀಸಿಗೆ ಬರೋದು ಬೇಡ, ಸಂಬಳ ಬರುತ್ತೆ, ಆರಾಮಾಗಿರಿ." ರಾಜೀನಾಮೆ ಕೊಟ್ಟ ಮೇಲೆ ಎಚ್‌ಆರ್ ಫೋನ್ ಮಾಡಿ ಹೀಗೆ ಹೇಳಿದರೆ ದಯವಿಟ್ಟು ಖುಷಿಪಡಬೇಡಿ. ಅದನ್ನೇ ಮೇಲ್‌ನಲ್ಲಿ ಬರೆದು ಕಳಿಸಿ ಅಂತ ಕೇಳಿ. ಆ ಒಂದು ಮೇಲ್ ಕೇಳದೇ ಇದ್ದದ್ದಕ್ಕೆ ನಮ್ಮ ಸಹೋದ್ಯೋಗಿಯೊಬ್ಬರ ಫೈನಲ್ ಸೆಟಲ್‌ಮೆಂಟ್ ತಡೆದಿಟ್ಟಿದ್ದಾರೆ, ರಿಲೀವಿಂಗ್ ಲೆಟರ್ ಇನ್ನೂ ಕೈಗೆ ಬಂದಿಲ್ಲ. "ಇನ್ನೇನು, ನೀವು ಫ್ರೀ ಬಿಡಿ" ಅಂತ ಅವರಿಗೆ ಹೇಳಿದವರಲ್ಲಿ ನಾನೂ ಒಬ್ಬ. ನಾಚಿಕೆ ಆಗುತ್ತೆ.

ಆದದ್ದು ಇಷ್ಟು. ನೋಟಿಸ್ ಪೀರಿಯಡ್ 60 ದಿನ. ರಾಜೀನಾಮೆಯ ಮೇಲ್ ಹೋದದ್ದು ಮಾರ್ಚ್ 3ಕ್ಕೆ. ಮರುದಿನದಿಂದ ಎಣಿಸಿದರೆ ಮೇ 2ಕ್ಕೆ ಮುಗಿಯುತ್ತೆ, ಹಾಗಾಗಿ ಹೊಸ ಕಂಪನಿಗೆ ಮೇ 5ಕ್ಕೆ ಬರ್ತೀನಿ ಅಂತ ಒಪ್ಪಿಕೊಂಡರು. ಮ್ಯಾನೇಜರ್ ರಾಜೀನಾಮೆ ಅಂಗೀಕರಿಸಿದ್ದು ಮಾರ್ಚ್ 10ಕ್ಕೆ. ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಇದ್ದದ್ದು "ಅಂಗೀಕಾರವಾದ ಮರುದಿನದಿಂದ 60 ದಿನ". ಅಂದ್ರೆ ಮೇ 9. ಐದು ದಿನ ಎರಡೂ ಕಡೆ ನೌಕರಿ! ಮ್ಯಾನೇಜರ್ ಸುಮ್ಮನೆ ಕೂತಿದ್ದ ಒಂದು ವಾರ ಯಾರ ಲೆಕ್ಕಕ್ಕೆ ಬಿತ್ತು ನೋಡಿ.

ಇದಕ್ಕಿಂತ ಕೆಟ್ಟದ್ದು ಏಪ್ರಿಲ್‌ನಲ್ಲಿ ಆಯ್ತು. ಲ್ಯಾಪ್‌ಟಾಪ್ ವಾಪಸ್ ತಗೊಂಡಿದ್ದರು, ಲಾಗಿನ್ ಬಂದ್ ಆಗಿತ್ತು, ಗ್ರಾಹಕರ ಜೊತೆ ಮಾತಾಡಬೇಡಿ ಅಂದಿದ್ದರು. ಮನೆಯಲ್ಲಿ ಖಾಲಿ ಕೂತವರು ಪರಿಚಯದವರ ಸಂಸ್ಥೆಗೆ ಮೂರು ದಿನ ತರಬೇತಿ ಕೊಟ್ಟು ದುಡ್ಡು ತಗೊಂಡರು. ಆ ಸಂಸ್ಥೆಯವರು ಫೋಟೊ ಹಾಕಿದರು. ಎರಡೇ ದಿನಕ್ಕೆ ಎಚ್‌ಆರ್‌ನಿಂದ ನೋಟಿಸ್: ಅನುಮತಿಯಿಲ್ಲದೆ ಹೊರಗಿನ ಕೆಲಸ, ಷರತ್ತಿನ ಉಲ್ಲಂಘನೆ. "ನೀವೇ ಅಲ್ವಾ ಕೆಲಸ ಬೇಡ ಅಂದಿದ್ದು?" ಅಂತ ಕೇಳಿದರೆ ಬಂದ ಉತ್ತರ, ಈಗಲೂ ಮೈ ಉರಿಯುತ್ತೆ: "ಕೆಲಸ ಮಾಡಬೇಡಿ ಅಂದ್ವಿ. ಕೆಲಸದಲ್ಲಿ ಇಲ್ಲ ಅಂದ್ವಾ?"

ಸಿಟ್ಟು ಬರುತ್ತೆ, ಆದರೆ ಆ ಮಾತು ತಪ್ಪಲ್ಲ. ಬರಬೇಡಿ ಅಂತ ಹೇಳೋದರಲ್ಲಿ ಎರಡು ಬಗೆ. ಒಂದು, ನೋಟಿಸ್ ದಿನಗಳ ಸಂಬಳ ಒಟ್ಟಿಗೆ ಕೊಟ್ಟು ಅವತ್ತೇ ನೌಕರಿ ಮುಗಿಸೋದು. ಇನ್ನೊಂದು ಗಾರ್ಡನ್ ಲೀವ್. ಇದರಲ್ಲಿ ಕೊನೆಯ ತಾರೀಖಿನವರೆಗೂ ನೀವು ಅವರ ನೌಕರರೇ. ಸಂಬಳ ಬರುತ್ತೆ, ಜೊತೆಗೆ ಹಳೆ ಷರತ್ತುಗಳೆಲ್ಲ ಹಾಗೇ ಇರುತ್ತವೆ: ಕರೆದರೆ ಸಿಗಬೇಕು, ಗುಟ್ಟು ಬಿಡಬಾರದು, ಒಪ್ಪಿಗೆ ಇಲ್ಲದೆ ಬೇರೆ ಕಡೆ ದುಡಿಯಬಾರದು. ಫೋನಿನಲ್ಲಿ ಕೇಳುವಾಗ ಎರಡೂ ಒಂದೇ ಥರ ಕೇಳುತ್ತೆ, ಮೋಸ ಹೋಗೋದೇ ಅಲ್ಲಿ. ಸಂಬಳ ತಿಂಗಳು ತಿಂಗಳು ಬರ್ತಾ ಇದ್ದು ರಿಲೀವಿಂಗ್ ತಾರೀಖು ಮುಂದಿದ್ದರೆ ಅದು ಬಹುಪಾಲು ಗಾರ್ಡನ್ ಲೀವ್ ಅಂತಲೇ ತಿಳ್ಕೊಳ್ಳಿ.

ಹೊಸ ಕಡೆಯ ಆಫರ್‌ಗೆ ಸಹಿ ಹಾಕೋದು ಸಾಮಾನ್ಯವಾಗಿ ತಕರಾರಿಗೆ ಬರಲ್ಲ. ಅಲ್ಲಿಯ ಮೀಟಿಂಗ್‌ನಲ್ಲಿ ಕೂರೋದು, "ಸ್ವಲ್ಪ ನೋಡಿಕೊಡಿ" ಅಂತ ಕಳಿಸಿದ ಫೈಲ್ ತಿದ್ದೋದು, ಪ್ರೊಫೈಲ್‌ನಲ್ಲಿ ಮೊದಲೇ ಹೊಸ ಹುದ್ದೆ ಬರೆಯೋದು, ಇವು ಬರುತ್ತವೆ. "ಪುಕ್ಕಟೆ ಮಾಡಿಕೊಟ್ಟೆ" ಅನ್ನೋದೂ ಎಲ್ಲ ಕಡೆ ನಡೆಯಲ್ಲ. ಕೆಲವು ಲೆಟರ್‌ನಲ್ಲಿ "ಸಂಬಳದ ಕೆಲಸ" ಅಂತಿರುತ್ತೆ, ಕೆಲವದರಲ್ಲಿ "ಯಾವುದೇ ವ್ಯವಹಾರ" ಅಂತ. ಈ ಎರಡು ಮಾತಿನ ನಡುವೆ ಬಹಳ ಅಂತರ ಇದೆ, ಬೆರಳಿಟ್ಟು ಓದಿ.

ಇನ್ನೊಂದು ಪೆಟ್ಟು ಸೆಟಲ್‌ಮೆಂಟ್‌ನ ಲೆಕ್ಕದ ಹಾಳೆ ಕೈಗೆ ಬಂದಾಗ ಗೊತ್ತಾಯ್ತು. ಉಳಿದಿದ್ದ 14 ದಿನದ ರಜೆಯನ್ನು ಗಾರ್ಡನ್ ಲೀವ್‌ನಲ್ಲೇ ಬಳಸಿದ್ದೀರಿ ಅಂತ ಸೊನ್ನೆ ಮಾಡಿದ್ದರು. ಇನ್ಸೆಂಟಿವ್ ಕೂಡ ಇಲ್ಲ, ಯಾಕಂದ್ರೆ ಲೆಟರ್‌ನಲ್ಲಿದ್ದದ್ದು "ಮೂಲ ಸಂಬಳ" ಮಾತ್ರ.

ಕಾನೂನು ಒಂದೊಂದು ಕಡೆ ಒಂದೊಂದು ಥರ, ದೊಡ್ಡ ಮೊತ್ತ ಇದ್ದರೆ ವಕೀಲರಿಗೆ ಲೆಟರ್ ತೋರಿಸಿ. ಆದರೆ ರಾಜೀನಾಮೆ ಕೊಟ್ಟ ವಾರದಲ್ಲೇ ಈ ಮೇಲ್ ಹಾಕಿ, ಉತ್ತರ ಬರೋವರೆಗೆ ಹೊಸ ಕಡೆ ತಾರೀಖು ಕೊಡಬೇಡಿ:

"ನನ್ನ ನೌಕರಿಯ ಕೊನೆಯ ದಿನ ಯಾವುದು? ಅಲ್ಲಿಯವರೆಗೆ ನಾನು ಗಾರ್ಡನ್ ಲೀವ್‌ನಲ್ಲಿದ್ದೇನೆಯೇ, ಇವತ್ತೇ ಬಿಡುಗಡೆಯೇ? ಗಾರ್ಡನ್ ಲೀವ್ ಆದರೆ ಲೆಟರ್‌ನ ಯಾವ ಷರತ್ತಿನ ಪ್ರಕಾರ? ಉಳಿದ ರಜೆ ಮತ್ತು ಇನ್ಸೆಂಟಿವ್ ಸಿಗುತ್ತವೆಯೇ? ನೌಕರಿ ಬಿಟ್ಟ ಮೇಲೂ ಬೇರೆ ಕಡೆ ಕೆಲಸ ಮಾಡಲು ನಿರ್ಬಂಧ ಇದ್ದರೆ, ಗಾರ್ಡನ್ ಲೀವ್‌ನ ದಿನಗಳನ್ನು ಅದರಲ್ಲಿ ಕಳೆಯುತ್ತೀರಾ?"

ಹೊರಗಿನ ಕೆಲಸ ಇದ್ದರೆ ಯಾರಿಗೆ, ಏನು, ಯಾವ ದಿನ ಅಂತ ಬರೆದು ಬೇರೆಯಾಗೇ ಅನುಮತಿ ಕೇಳಿ. ಎಲ್ಲವನ್ನೂ ನಿಮ್ಮ ಸ್ವಂತ ಮೇಲ್‌ಗೂ ಒಂದು ಪ್ರತಿ ಹಾಕಿ. ನಮ್ಮವರ ಹತ್ತಿರ ಹಿಂದಿನ ಮೇಲ್‌ಗಳಿದ್ದವು, ಆದರೆ ಎಲ್ಲ ಆಫೀಸಿನ ಖಾತೆಯಲ್ಲಿ. ಲಾಗಿನ್ ಬಂದ್ ಆದ ಮೇಲೆ ಒಂದೂ ತೆರೆಯಲಿಲ್ಲ. ಪ್ರತಿ ಕೊಡಿ ಅಂತ ಕೇಳಿದ್ದಕ್ಕೆ ಎಚ್‌ಆರ್ ಹೇಳಿದ್ದು, "ನೀವು ಈಗ ಮಾಜಿ ನೌಕರರು ಅಲ್ವಾ."